ಡಿಸ್ಕಾರ್ಡ್ ಸರ್ವರ್ ಬಿಡುವ ಮುನ್ನ: ಹಳೆಯ ಮೆಸೇಜ್‌ಗಳನ್ನು ಅಳಿಸುವ ಸರಿಯಾದ ಕ್ರಮ

ಕ್ಲಾನ್ ಬಿಟ್ಟವರು, ಗೇಮಿಂಗ್ ಬಳಗದಲ್ಲಿ ಜಗಳವಾಗಿ ಹೊರಬಂದವರು, ಆಟವನ್ನೇ ನಿಲ್ಲಿಸಿದವರು ಒಂದೇ ತಪ್ಪು ಮಾಡುತ್ತಾರೆ. ಮೊದಲು ಸರ್ವರ್‌ನಿಂದ ಹೊರಬೀಳುತ್ತಾರೆ, ಆಮೇಲೆ ಅಲ್ಲಿ ಹಾಕಿದ್ದ ಫೋನ್ ನಂಬರ್ ನೆನಪಾಗುತ್ತದೆ. ಇನ್ನು ಕೆಲವರು ಸಿಟ್ಟಿನಲ್ಲಿ ಇಡೀ ಖಾತೆಯನ್ನೇ ಡಿಲೀಟ್ ಮಾಡಿ, ಬರೆದದ್ದೆಲ್ಲ ಅಳಿಸಿಹೋಯಿತು ಎಂದುಕೊಳ್ಳುತ್ತಾರೆ. ಎರಡರಲ್ಲೂ ಮೆಸೇಜ್‌ಗಳು ಇದ್ದಲ್ಲೇ ಇರುತ್ತವೆ. ಅವನ್ನು ಅಳಿಸುವ ಕೈ ಮಾತ್ರ ನಿಮ್ಮದಾಗಿ ಉಳಿಯುವುದಿಲ್ಲ.

ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಮೊದಲು ನಿಮ್ಮ ಡೇಟಾ ತರಿಸಿಕೊಳ್ಳಿ, ಅದನ್ನು ನೋಡಿಕೊಂಡು ಮೆಸೇಜ್ ಅಳಿಸಿ, ಆಮೇಲೆ ಸರ್ವರ್ ಬಿಡಿ. ಖಾತೆ ಮುಚ್ಚುವುದಿದ್ದರೆ ಅದು ಕಟ್ಟಕಡೆಗೆ.

## ಸರ್ವರ್ ಬಿಟ್ಟಾಗ ನಿಜವಾಗಿ ಆಗುವುದೇನು

`Leave Server` ಒತ್ತಿದರೆ ಸದಸ್ಯರ ಪಟ್ಟಿಯಿಂದ ನಿಮ್ಮ ಹೆಸರು ಹೋಗುತ್ತದೆ. ನಿಮ್ಮ ರೋಲ್‌ಗಳು ಮತ್ತು ಆ ಸರ್ವರ್‌ಗೆಂದು ಇಟ್ಟುಕೊಂಡಿದ್ದ ನಿಕ್‌ನೇಮ್ ಹೋಗುತ್ತವೆ. ಮೆಸೇಜ್, ಫೋಟೊ, ನೀವು ಒತ್ತಿದ ರಿಯಾಕ್ಷನ್ ಎಲ್ಲವೂ ಉಳಿಯುತ್ತವೆ. ನಿಕ್‌ನೇಮ್ ಹೋದ ಕಾರಣ ಹಳೆಯ ಮೆಸೇಜ್‌ಗಳ ಮೇಲೆ ನಿಮ್ಮ ಖಾತೆಯ ಮೂಲ ಹೆಸರು ಕಾಣತೊಡಗುತ್ತದೆ. ಕ್ಲಾನ್‌ನಲ್ಲಿ ಆಟದ ಹೆಸರು, ಖಾತೆಯಲ್ಲಿ ಸ್ವಂತ ಹೆಸರು ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಇಷ್ಟು ದಿನ ಅಡ್ಡಹೆಸರಿನ ಕೆಳಗಿದ್ದ ಮಾತುಗಳೆಲ್ಲ ನೀವು ಬಿಟ್ಟ ಕ್ಷಣದಿಂದ ಸ್ವಂತ ಹೆಸರಿನ ಕೆಳಗೆ ಬಂದು ನಿಲ್ಲುತ್ತವೆ.

ಹೊರಗೆ ಬಂದ ಮೇಲೆ ಆ ಸರ್ವರ್‌ನ ಯಾವ ಚಾನಲ್ಲೂ ನಿಮಗೆ ಕಾಣುವುದಿಲ್ಲ. ಕಾಣದ ಚಾನಲ್‌ನಲ್ಲಿರುವ ಮೆಸೇಜ್ ನಿಮ್ಮದೇ ಆದರೂ ಅಳಿಸಲು ಬರುವುದಿಲ್ಲ. ಅಳಿಸಬೇಕೆಂದರೆ ಮತ್ತೆ ಇನ್ವೈಟ್ ಪಡೆದು ಒಳಗೆ ಹೋಗಬೇಕು, ಹೋದರೂ ಹಳೆಯ ರೋಲ್ ತಾನಾಗಿ ಸಿಗುವುದಿಲ್ಲ. ಟೀಮ್ ಸದಸ್ಯರಿಗೆ ಮಾತ್ರ ತೆರೆದಿದ್ದ ಚಾನಲ್ ಆಗಲೂ ಮುಚ್ಚಿಯೇ ಇರುತ್ತದೆ. ಬ್ಯಾನ್ ಆಗಿದ್ದರಂತೂ ಬಾಗಿಲೇ ಇಲ್ಲ.

ಖಾತೆ ಡಿಲೀಟ್ ಮಾಡಿದಾಗ ಆಗುವುದು ಬೇರೆ. ನಿಮ್ಮ ಹೆಸರಿನ ಜಾಗದಲ್ಲಿ `Deleted User` ಅಥವಾ `deleted_user_` ಎಂದು ಶುರುವಾಗುವ ಹೆಸರು ಬರುತ್ತದೆ, ಪ್ರೊಫೈಲ್ ಚಿತ್ರ ಹೋಗುತ್ತದೆ. ಬರೆದ ಮಾತು ಅಕ್ಷರವೂ ಬದಲಾಗದೆ ಉಳಿಯುತ್ತದೆ. "ನನ್ನ ನಂಬರ್ ಇದು, ಕಾಲ್ ಮಾಡಿ" ಎಂದು ಬರೆದಿದ್ದರೆ ನಂಬರ್ ಅಲ್ಲೇ ಇರುತ್ತದೆ. ಬೇರೆಯವರು @ ಹಾಕಿ ನಿಮ್ಮನ್ನು ಕರೆದಿದ್ದರೆ ಅಲ್ಲಿಯೂ ಹೆಸರು ಬದಲಾಗುತ್ತದೆ, ಆದರೆ ಸುಮ್ಮನೆ ಹೆಸರು ಟೈಪ್ ಮಾಡಿದ್ದರೆ ಬದಲಾಗುವುದಿಲ್ಲ. "ಥ್ಯಾಂಕ್ಸ್" ಎಂದು ಯಾರೋ ನಿಮ್ಮ ಹೆಸರು ಹಿಡಿದು ಬರೆದ ಒಂದೇ ಉತ್ತರ ಸಾಕು, ಮೇಲಿನ `Deleted User` ಯಾರೆಂದು ತಿಳಿಯಲು.

## ಬೇಕಾಗುವ ಸಾಮಾನು

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಡಿಸ್ಕಾರ್ಡ್ ಖಾತೆಗೆ ಕೊಟ್ಟಿರುವ ಇಮೇಲ್ ತೆರೆಯುವ ಪಾಸ್‌ವರ್ಡ್, ನೋಟ್‌ಪ್ಯಾಡ್‌ನಂಥ ಸಾದಾ ಟೆಕ್ಸ್ಟ್ ಎಡಿಟರ್. ಮೊಬೈಲ್‌ನಲ್ಲೂ ಮೆಸೇಜ್ ಅಳಿಸಬಹುದು, ಆದರೆ ಒಂದೊಂದಕ್ಕೂ ಬೆರಳಿಟ್ಟು ಕಾಯಬೇಕು. ನೂರು ದಾಟಿದರೆ ಕೈಸೋಲುತ್ತದೆ. ಸಮಯದ ಲೆಕ್ಕ ಹಾಕುವಾಗ ಒಂದು ತಿಂಗಳು ಇಟ್ಟುಕೊಳ್ಳಿ, ಯಾಕೆಂದರೆ ಡೇಟಾ ಬರಲು ಡಿಸ್ಕಾರ್ಡ್ 30 ದಿನದವರೆಗೆ ತೆಗೆದುಕೊಳ್ಳಬಹುದು.

## ಹಂತ 1: ಡೇಟಾ ತರಿಸಿಕೊಳ್ಳಿ, ಅಲ್ಲಿಯವರೆಗೆ ಸರ್ವರ್‌ನಲ್ಲೇ ಇರಿ

`User Settings` ತೆರೆದು `Data & Privacy` ಒಳಗೆ ಹೋಗಿ, ನಿಮ್ಮ ಡೇಟಾ ಕೇಳುವ ಬಟನ್ ಒತ್ತಿ. ಯಾವ ಭಾಗ ಬೇಕು ಎಂಬ ಪಟ್ಟಿ ಬಂದರೆ ಮೆಸೇಜ್‌ಗಳು ಅದರಲ್ಲಿ ಸೇರಿವೆಯೇ ಎಂದು ನೋಡಿಕೊಳ್ಳಿ. ಸಿದ್ಧವಾದಾಗ ಇಮೇಲ್‌ಗೆ ಲಿಂಕ್ ಬರುತ್ತದೆ. ಆ ಲಿಂಕ್‌ಗೆ ಅವಧಿ ಇರುವುದರಿಂದ ಬಂದ ದಿನವೇ ಇಳಿಸಿಕೊಳ್ಳಿ.

ಕಾಯುವ ದಿನಗಳಲ್ಲಿ ಸರ್ವರ್ ಕಿರಿಕಿರಿ ಎನಿಸಿದರೆ ಅದರ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯೂಟ್ ಮಾಡಿ. "ಬಿಡ್ತೀನಿ" ಎಂದು ಈಗಲೇ ಘೋಷಿಸಬೇಡಿ. ಮನಸ್ತಾಪ ಇರುವ ಬಳಗದಲ್ಲಿ ಹಾಗೆ ಹೇಳಿದ ಮರುಕ್ಷಣವೇ ಯಾರಾದರೂ ರೋಲ್ ಕಿತ್ತುಕೊಂಡರೆ ಅಥವಾ ಬ್ಯಾನ್ ಮಾಡಿದರೆ, ಮುಂದಿನ ಎಲ್ಲ ಹಂತಗಳೂ ನಿಮ್ಮ ಕೈತಪ್ಪುತ್ತವೆ.

ವಾಯ್ಸ್ ಚಾನಲ್ ಬಗ್ಗೆಯೂ ಇಲ್ಲಿಯೇ ಒಂದು ಎಚ್ಚರಿಕೆ. ಕಂಪ್ಯೂಟರ್‌ನಲ್ಲಿ ಕಿಟಕಿಯ X ಒತ್ತಿದರೆ ಆ್ಯಪ್ ಹಿಂದೆ ಓಡುತ್ತಲೇ ಇರಬಹುದು, ವಾಯ್ಸ್‌ನಿಂದ ಹೊರಬಂದಂತೆ ಆಗುವುದಿಲ್ಲ. ಫ್ರಾನ್ಸ್‌ನ ಡೇಟಾ ರಕ್ಷಣಾ ಸಂಸ್ಥೆ 2022ರ ನವೆಂಬರ್‌ನಲ್ಲಿ ಡಿಸ್ಕಾರ್ಡ್‌ಗೆ 8 ಲಕ್ಷ ಯೂರೋ ದಂಡ ಹಾಕಿದಾಗ ಎತ್ತಿ ತೋರಿಸಿದ ದೋಷಗಳಲ್ಲಿ ಇದೂ ಒಂದು. ಫೋನ್ ರಿಸೀವರ್ ಇರುವ ಕೆಂಪು `Disconnect` ಚಿಹ್ನೆಯನ್ನೇ ಒತ್ತಿ. ಮಾತಾಡಿದ್ದನ್ನು ಡಿಸ್ಕಾರ್ಡ್ ಸಾಮಾನ್ಯವಾಗಿ ಶೇಖರಿಸಿಡುವುದಿಲ್ಲ. ರೆಕಾರ್ಡಿಂಗ್ ಬಾಟ್ ಇದ್ದ ಸರ್ವರ್‌ನಲ್ಲಿ ಮಾತ್ರ ಧ್ವನಿಯ ಪ್ರತಿ ಬೇರೆಯವರ ಹತ್ತಿರ ಇರಬಹುದು. ವಾಯ್ಸ್ ಚಾನಲ್‌ಗೆ ಅಂಟಿಕೊಂಡಿರುವ ಚಾಟ್ ಬೇರೆ ವಿಷಯ, ಅಲ್ಲಿ ಟೈಪ್ ಮಾಡಿದ್ದು ಉಳಿದ ಮೆಸೇಜ್‌ನಂತೆಯೇ ಉಳಿಯುತ್ತದೆ. ಆಟದ ಮಧ್ಯೆ ನಂಬರ್, ರೂಮ್ ಪಾಸ್‌ವರ್ಡ್ ಹಾಕುವುದು ಹೆಚ್ಚಾಗಿ ಅಲ್ಲೇ, ಮರೆಯುವುದೂ ಅದನ್ನೇ.

## ಹಂತ 2: ಏನು ಅಳಿಸಬೇಕು ಎಂದು ಹುಡುಕಿ

ಎಲ್ಲವನ್ನೂ ಅಳಿಸುವ ಬಟನ್ ಡಿಸ್ಕಾರ್ಡ್‌ನಲ್ಲಿ ಇಲ್ಲ. ಆದ್ದರಿಂದ "ಗುಡ್ ಗೇಮ್", "ಬರ್ತೀಯಾ" ಎಂಬಂಥ ಸಾವಿರಾರು ಸಾಲುಗಳ ಹಿಂದೆ ಬೀಳದೆ, ನಿಮ್ಮನ್ನು ಗುರುತಿಸುವ ಮತ್ತು ನಿಮಗೆ ತೊಂದರೆ ತರುವ ಮೆಸೇಜ್‌ಗಳನ್ನು ಮೊದಲು ಹಿಡಿಯಿರಿ. ನಮ್ಮ ಕಡೆಯ ಗೇಮಿಂಗ್ ಸರ್ವರ್‌ಗಳಲ್ಲಿ ಅವು ಹೆಚ್ಚಾಗಿ ಇವೇ: ಫೋನ್ ನಂಬರ್, ಬಹುಮಾನದ ಹಣಕ್ಕೆ ಕೊಟ್ಟ ಯುಪಿಐ ಐಡಿ ಮತ್ತು ಕ್ಯೂಆರ್ ಚಿತ್ರ, ಟೂರ್ನಮೆಂಟ್ ನೋಂದಣಿಗೆ ಹಾಕಿದ ಪೂರ್ತಿ ಹೆಸರು, ಹುಟ್ಟಿದ ದಿನ ಅಥವಾ ಗುರುತಿನ ಚೀಟಿ, ಕಾಲೇಜು ಮತ್ತು ಊರಿನ ಹೆಸರು.

ಸರ್ವರ್ ಒಳಗಿನ ಹುಡುಕಾಟದ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
from: ನಿಮ್ಮ_ಯೂಸರ್‌ನೇಮ್ has: image
from: ನಿಮ್ಮ_ಯೂಸರ್‌ನೇಮ್ has: link
from: ನಿಮ್ಮ_ಯೂಸರ್‌ನೇಮ್ before: 2024-01-01
```

`from:` ಒತ್ತಿದ ಮೇಲೆ ಬರುವ ಪಟ್ಟಿಯಿಂದ ನಿಮ್ಮ ಹೆಸರನ್ನು ಆರಿಸಿಕೊಳ್ಳಿ. `has: image` ಅನ್ನು ಬಿಡಲೇಬೇಡಿ. ಸ್ಕ್ರೀನ್‌ಶಾಟ್‌ನೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಪಾವತಿಯ ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಬ್ಯಾಂಕಿನ ಹೆಸರಿನಿಂದ ಹಿಡಿದು ಪೂರ್ತಿ ಹೆಸರಿನವರೆಗೆ ಎಲ್ಲ ಇರುತ್ತದೆ.

ಈ ಹುಡುಕಾಟ ಪದವನ್ನು ಹಿಡಿಯುತ್ತದೆ, ಪದದ ಮಧ್ಯದ ತುಂಡನ್ನು ಹಿಡಿಯುವುದಿಲ್ಲ. ಹತ್ತು ಅಂಕಿಯ ನಂಬರಿನ ನಡುವಿನ ನಾಲ್ಕು ಅಂಕಿ ಕೊಟ್ಟರೆ ಸಿಗುವ ಭರವಸೆ ಇಲ್ಲ. ನಂಬರನ್ನು ಐದು ಅಂಕಿಯ ಎರಡು ತುಂಡಾಗಿ ಬರೆದಿದ್ದರೆ ಪೂರ್ತಿ ನಂಬರ್ ಕೊಟ್ಟರೂ ತಪ್ಪಿಹೋಗಬಹುದು. ಇನ್ನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ನಮ್ಮ ರೂಢಿಯೂ ಕಾಡುತ್ತದೆ. ಒಂದೇ ಮಾತನ್ನು ಒಮ್ಮೆ `kalsu`, ಒಮ್ಮೆ `kalisu`, ಇನ್ನೊಮ್ಮೆ `kalsi` ಎಂದಿರುತ್ತೇವೆ. ಹುಡುಕಾಟಕ್ಕೆ ಇವೆಲ್ಲ ಬೇರೆ ಬೇರೆ ಪದಗಳು.

ಡೇಟಾ ಮೊದಲೇ ತರಿಸಿಕೊಳ್ಳಿ ಎಂದದ್ದು ಇದಕ್ಕೇ. ಇಳಿಸಿದ ಜಿಪ್ ಬಿಚ್ಚಿದರೆ ಮೆಸೇಜ್‌ಗಳ ಫೋಲ್ಡರ್ ಇರುತ್ತದೆ. ಅದರೊಳಗೆ `c` ಅಕ್ಷರದ ಮುಂದೆ ದೊಡ್ಡ ಸಂಖ್ಯೆ ಇರುವ ಫೋಲ್ಡರ್‌ಗಳು, ಒಂದೊಂದು ಚಾನಲ್‌ಗೆ ಒಂದೊಂದು. ಪ್ರತಿ ಫೋಲ್ಡರ್‌ನಲ್ಲಿ `channel.json` ಮತ್ತು `messages.json` ಇರುತ್ತವೆ. ಎರಡನೆಯದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು Ctrl+F ಒತ್ತಿ ನಂಬರಿನ ಮೂರು ಅಂಕಿ ಕೊಟ್ಟರೂ ಸಾಕು, ಸಿಗುತ್ತದೆ. ಯುಪಿಐಗೆ `@ok`, `@ybl`, `@paytm` ಹುಡುಕಿ. ಇಮೇಲ್‌ಗೆ `@gmail`. ನೆನಪಿರಲಿ, ಇದರಲ್ಲಿ ಇರುವುದು ನೀವು ಬರೆದ ಮೆಸೇಜ್ ಮಾತ್ರ. ಬೇರೆಯವರು ನಿಮ್ಮ ಬಗ್ಗೆ ಬರೆದದ್ದು ಇರುವುದಿಲ್ಲ.

## ಹಂತ 3: ಮೆಸೇಜ್ ಇರುವ ಜಾಗಕ್ಕೆ ನೇರವಾಗಿ ಹೋಗಿ

ಫೈಲ್‌ನಲ್ಲಿ ಮೆಸೇಜ್ ಸಿಕ್ಕಿತು, ಆದರೆ ಸರ್ವರ್‌ನಲ್ಲಿ ಅದು ಎರಡು ವರ್ಷದ ಕೆಳಗೆ ಹೂತಿದೆ. ಮೇಲಕ್ಕೆ ಸ್ಕ್ರೋಲ್ ಮಾಡುತ್ತ ಕೂರಬೇಡಿ. ಲಿಂಕ್ ನೀವೇ ಕಟ್ಟಿಕೊಳ್ಳಿ:

```
https://discord.com/channels/SERVER_ID/CHANNEL_ID/MESSAGE_ID
```

ಮೆಸೇಜ್‌ನ ಐಡಿ `messages.json`ನಲ್ಲಿ ಆ ಮಾತಿನ ಜೊತೆಗೇ ಇರುತ್ತದೆ. ಚಾನಲ್‌ನ ಐಡಿ ಎಂದರೆ ಫೋಲ್ಡರ್ ಹೆಸರಿನಲ್ಲಿ `c` ಬಿಟ್ಟು ಉಳಿದ ಸಂಖ್ಯೆ. ಸರ್ವರ್‌ನ ಐಡಿ `channel.json`ನಲ್ಲಿ `guild` ಎಂಬ ಪದದ ಮುಂದೆ ಸಿಗುತ್ತದೆ. ಇಲ್ಲವಾದರೆ `User Settings` ಒಳಗೆ `Developer Mode` ಆನ್ ಮಾಡಿ, ಸರ್ವರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ `Copy Server ID` ಕಾಣುತ್ತದೆ. ಮೂರನ್ನೂ ಜೋಡಿಸಿ, ಲಾಗಿನ್ ಆಗಿರುವ ಬ್ರೌಸರ್‌ನಲ್ಲಿ ಹಾಕಿದರೆ ಆ ಮೆಸೇಜ್ ಮುಂದೆಯೇ ನಿಲ್ಲುತ್ತೀರಿ.

ಲಿಂಕ್ ತೆರೆದಾಗ ಪ್ರವೇಶವಿಲ್ಲ ಎಂದು ಬಂದರೆ, ಆ ಚಾನಲ್ ನೋಡುವ ರೋಲ್ ನಿಮ್ಮಿಂದ ಹೋಗಿದೆ ಎಂದರ್ಥ. ಚಾನಲ್ ಅಳಿಸಿಹೋಗಿರಲೂಬಹುದು, ಹಾಗಿದ್ದರೆ ಅದರೊಳಗಿನ ಮೆಸೇಜ್‌ಗಳೂ ಹೋಗಿವೆ. ಯಾವುದು ಎಂದು ತಿಳಿಯಲು ಚಾನಲ್ ಹೆಸರು ಹೇಳಿ ಮಾಡರೇಟರ್ ಒಬ್ಬರನ್ನು ಕೇಳಿ.

## ಹಂತ 4: ಅಳಿಸಿ

ಕಂಪ್ಯೂಟರ್‌ನಲ್ಲಿ Shift ಒತ್ತಿ ಹಿಡಿದು ಮೆಸೇಜ್ ಮೇಲೆ ಮೌಸ್ ತನ್ನಿ. ಬಲ ತುದಿಯಲ್ಲಿ ಕೆಂಪು ಕಸದಬುಟ್ಟಿ ಕಾಣುತ್ತದೆ. Shift ಬಿಡದೆ ಅದನ್ನು ಕ್ಲಿಕ್ ಮಾಡಿದರೆ "ಖಚಿತವೇ" ಎಂದು ಕೇಳದೆ ಅಳಿಸುತ್ತದೆ. ವಾಪಸ್ ಪಡೆಯುವ ದಾರಿ ಇಲ್ಲ, ಹಾಗಾಗಿ ಬೇಕಾದ ಫೋಟೊ ಇದ್ದರೆ ಮೊದಲೇ ಉಳಿಸಿಕೊಳ್ಳಿ. ವೇಗವಾಗಿ ಅಳಿಸುತ್ತ ಹೋದಾಗ ಕೆಲವೊಮ್ಮೆ ಮೆಸೇಜ್ ಹೋಗದೆ ನಿಲ್ಲುತ್ತದೆ ಅಥವಾ ನಿಧಾನಿಸಿ ಎಂಬ ಸೂಚನೆ ಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಮುಂದುವರಿಸಿ, ಕೊನೆಗೆ ಪುಟ ರಿಫ್ರೆಶ್ ಮಾಡಿ ನಿಜಕ್ಕೂ ಹೋಗಿದೆಯೇ ನೋಡಿ.

ಥ್ರೆಡ್‌ಗಳಲ್ಲಿ ಜನ ಎಡವುತ್ತಾರೆ. ಬಹಳ ದಿನ ಯಾರೂ ಬರೆಯದ ಥ್ರೆಡ್ ತಾನಾಗಿ ಆರ್ಕೈವ್ ಆಗುತ್ತದೆ. ಆರ್ಕೈವ್ ಆದ ಥ್ರೆಡ್‌ನಲ್ಲಿ ಅಳಿಸಲು ಹೋದರೆ ಕೆಲಸ ನಡೆಯುವುದಿಲ್ಲ. ಅದರಲ್ಲಿ ಒಂದು ಹೊಸ ಮೆಸೇಜ್ ಹಾಕಿದರೆ ಥ್ರೆಡ್ ಮತ್ತೆ ತೆರೆದುಕೊಳ್ಳುತ್ತದೆ. ಆಗ ಹಳೆಯದನ್ನೂ ಹೊಸದನ್ನೂ ಅಳಿಸಿ. ಥ್ರೆಡ್ ಲಾಕ್ ಆಗಿದ್ದರೆ ಮಾಡರೇಟರ್ ಮಾತ್ರ ತೆರೆಯಬಲ್ಲರು.

ಇಲ್ಲಿ ಎರಡು ಅಡ್ಡದಾರಿಗಳನ್ನು ಜನ ಸಲಹೆ ಮಾಡುತ್ತಾರೆ, ಎರಡೂ ಬೇಡ. ಮೊದಲನೆಯದು, ನಿಮ್ಮ ಖಾತೆಯ ಟೋಕನ್ ಕೊಟ್ಟರೆ ಎಲ್ಲ ಮೆಸೇಜ್ ಅಳಿಸುವ ಸ್ಕ್ರಿಪ್ಟ್. ಬಳಕೆದಾರರ ಖಾತೆಯನ್ನು ಹೀಗೆ ಯಂತ್ರದಂತೆ ಓಡಿಸುವುದು ಡಿಸ್ಕಾರ್ಡ್‌ನ ನಿಯಮಕ್ಕೆ ವಿರುದ್ಧ, ಖಾತೆ ಬಂದ್ ಆಗಬಹುದು. ಅರ್ಧ ಅಳಿಸಿದ ಮೇಲೆ ಬಂದ್ ಆದರೆ ಉಳಿದರ್ಧ ಶಾಶ್ವತವಾಗಿ ಅಲ್ಲೇ. ಅದಕ್ಕಿಂತ ದೊಡ್ಡ ಅಪಾಯ ಟೋಕನ್. ಅದು ಕೈಗೆ ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಬರುತ್ತಾರೆ. ಈಗಾಗಲೇ ಎಲ್ಲಾದರೂ ಹಾಕಿದ್ದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ, ಹಳೆಯ ಟೋಕನ್ ಸತ್ತುಹೋಗುತ್ತದೆ.

ಎರಡನೆಯದು, "ನನ್ನನ್ನು ಬ್ಯಾನ್ ಮಾಡು, ಮೆಸೇಜೆಲ್ಲ ಹೋಗುತ್ತೆ" ಎಂದು ಸ್ನೇಹಿತ ಮಾಡರೇಟರ್‌ಗೆ ಹೇಳುವುದು. ಬ್ಯಾನ್ ಮಾಡುವಾಗ ಹಳೆಯ ಮೆಸೇಜ್ ಅಳಿಸುವ ಆಯ್ಕೆ ನಿಜಕ್ಕೂ ಇದೆ, ಆದರೆ ಅದರ ಗರಿಷ್ಠ ಮಿತಿ 7 ದಿನ. ಎಂಟನೆಯ ದಿನದ್ದು ಉಳಿಯುತ್ತದೆ, ನೀವು ಹೊರಗೆ. ಕಿಕ್ ಮಾಡಿದರೆ ಏನೂ ಅಳಿಸುವುದಿಲ್ಲ. ಮಾಡರೇಟರ್‌ಗಳು ಬಳಸುವ ಬಾಟ್‌ಗಳಿಗೂ ಮಿತಿ ಇದೆ. ಒಂದೇ ಸಲಕ್ಕೆ ರಾಶಿಯಾಗಿ ಅಳಿಸುವ ಆಜ್ಞೆ 2 ವಾರಕ್ಕಿಂತ ಹಳೆಯ ಮೆಸೇಜ್‌ಗೆ ನಡೆಯುವುದಿಲ್ಲ. ಅದಕ್ಕಿಂತ ಹಳೆಯದನ್ನು ಅವರೂ ಒಂದೊಂದಾಗಿಯೇ ತೆಗೆಯಬೇಕು.

## ಒಂದು ಉದಾಹರಣೆ

ಬಿಜಿಎಂಐ ಕ್ಲಾನ್ ಒಂದರಲ್ಲಿ ಎರಡು ವರ್ಷ ಇದ್ದ ಆಟಗಾರ ಎಂದುಕೊಳ್ಳೋಣ. ಅವನ ಡೇಟಾದಲ್ಲಿ ಆ ಸರ್ವರ್‌ಗೆ ಸೇರಿದ ಒಂಬತ್ತು ಫೋಲ್ಡರ್, ಒಟ್ಟು ನಾಲ್ಕು ಸಾವಿರ ಮೆಸೇಜ್. ನಂಬರಿನ ಕೊನೆಯ ಮೂರು ಅಂಕಿ ಹುಡುಕಿದಾಗ ನಾಲ್ಕು ಕಡೆ ಸಿಕ್ಕಿತು. ಅದರಲ್ಲಿ ಎರಡು ವಾಯ್ಸ್ ಚಾನಲ್‌ನ ಚಾಟ್‌ನಲ್ಲಿದ್ದವು, ಒಂದನ್ನು ಮಧ್ಯೆ ಜಾಗ ಬಿಟ್ಟು ಬರೆದಿದ್ದ. `@ok` ಹುಡುಕಿದಾಗ ಎರಡು ಯುಪಿಐ ಐಡಿ. ಸರ್ವರ್‌ನಲ್ಲಿ `has: image` ಹಾಕಿ ನೋಡಿದರೆ ಮೂರು ಕ್ಯೂಆರ್ ಚಿತ್ರ ಮತ್ತು ನೋಂದಣಿಗೆ ಹಾಕಿದ ಕಾಲೇಜ್ ಐಡಿ ಕಾರ್ಡ್.

ಹತ್ತು ಮೆಸೇಜ್. ಎಂಟನ್ನು ಅವನೇ ಅಳಿಸಿದ. ಐಡಿ ಕಾರ್ಡ್ ಇದ್ದದ್ದು ಆರ್ಕೈವ್ ಆದ ಥ್ರೆಡ್‌ನಲ್ಲಿ, ಅಲ್ಲಿ ಒಂದು ಚುಕ್ಕೆ ಟೈಪ್ ಮಾಡಿ ತೆರೆದು ಎರಡನ್ನೂ ತೆಗೆದ. ಕೊನೆಯದು ಟೀಮ್ ಚಾನಲ್‌ನಲ್ಲಿ, ಟೀಮ್ ಬದಲಾದಾಗ ಅದರ ರೋಲ್ ಹೋಗಿತ್ತು. ಕಟ್ಟಿಕೊಂಡ ಲಿಂಕನ್ನೇ ಮಾಡರೇಟರ್‌ಗೆ ಕಳಿಸಿ ಹೀಗೆ ಕೇಳಿದರೆ ಸಾಕು: "ಅಣ್ಣಾ, ಈ ಲಿಂಕ್‌ನಲ್ಲಿರೋ ನನ್ನ ಮೆಸೇಜ್‌ನಲ್ಲಿ ಯುಪಿಐ ಐಡಿ ಇದೆ. ಆ ಚಾನಲ್ ನನಗೆ ಈಗ ಕಾಣಲ್ಲ. ಅದೊಂದನ್ನು ಡಿಲೀಟ್ ಮಾಡ್ತೀರಾ?" ಲಿಂಕ್ ಸಮೇತ ಒಂದೇ ಮೆಸೇಜ್ ಕೇಳಿದರೆ ಅರ್ಧ ನಿಮಿಷದ ಕೆಲಸ, ಯಾರೂ ಇಲ್ಲವೆನ್ನುವುದು ಕಡಿಮೆ. "ನನ್ನದೆಲ್ಲ ತೆಗೀರಿ" ಎಂದರೆ ಯಾರೂ ಮುಂದೆ ಬರುವುದಿಲ್ಲ.

## ಅಳಿಸಿದರೂ ಉಳಿಯುವುದು

ನಿಮ್ಮ ಮೆಸೇಜ್‌ಗೆ ಯಾರಾದರೂ ರಿಪ್ಲೈ ಮಾಡಿದ್ದರೆ, ಮೂಲ ಮೆಸೇಜ್ ಅಳಿಸಲಾಗಿದೆ ಎಂದು ಅಲ್ಲಿ ಕಾಣುತ್ತದೆ, ನಿಮ್ಮ ಮಾತು ಕಾಣುವುದಿಲ್ಲ. ಆದರೆ ಫಾರ್ವರ್ಡ್ ಮಾಡಿದ್ದರೆ ಅದು ಬೇರೆಯೇ ಪ್ರತಿ. ಮೂಲ ಹೋದರೂ ಅದು ಇರುತ್ತದೆ. ದೊಡ್ಡ ಸರ್ವರ್‌ಗಳಲ್ಲಿ ಲಾಗ್ ಬಾಟ್ ಸಾಮಾನ್ಯ: ಅಳಿಸಿದ ಮತ್ತು ತಿದ್ದಿದ ಮೆಸೇಜ್‌ನ ಹಳೆಯ ರೂಪವನ್ನು ಮಾಡರೇಟರ್‌ಗಳ ಚಾನಲ್‌ಗೆ ಅದು ಬರೆದಿಡುತ್ತದೆ. ಅಳಿಸುವ ಬದಲು ತಿದ್ದಿ ಚುಕ್ಕೆ ಇಟ್ಟರೆ ಉಳಿಯುವುದಿಲ್ಲ ಎಂಬ ನಂಬಿಕೆ ಸುಳ್ಳು. ಸೂಕ್ಷ್ಮ ಮಾಹಿತಿ ಇದ್ದರೆ ಲಾಗ್ ಚಾನಲ್‌ನಲ್ಲಿಯೂ ತೆಗೆಯಿರಿ ಎಂದು ಮಾಡರೇಟರ್‌ಗೆ ನೇರವಾಗಿ ಕೇಳಿ.

ಸಾರ್ವಜನಿಕ ಸರ್ವರ್ ಆಗಿದ್ದರೆ ಹೊರಗಿನ ಪ್ರತಿಯ ಸಾಧ್ಯತೆಯೂ ಇದೆ. 2024ರ ಏಪ್ರಿಲ್‌ನಲ್ಲಿ ಸ್ಪೈ ಪೆಟ್ ಎಂಬ ತಾಣ ಸಾವಿರಾರು ಸರ್ವರ್‌ಗಳ ಮೆಸೇಜ್‌ಗಳನ್ನು ಬಾಚಿ ಮಾರುತ್ತಿದ್ದುದು ಬಯಲಾಯಿತು, ಡಿಸ್ಕಾರ್ಡ್ ಅದಕ್ಕೆ ಸೇರಿದ ಖಾತೆಗಳನ್ನು ಬಂದ್ ಮಾಡಿತು. ಹಾಗಾಗಿ ಸಾರ್ವಜನಿಕ ಸರ್ವರ್‌ನಲ್ಲಿ ಬಹಳ ದಿನ ಬಿದ್ದಿದ್ದ ಪಾಸ್‌ವರ್ಡನ್ನು ಅಳಿಸಿದರೆ ಸಾಲದು, ಬದಲಿಸಿ. ಯುಪಿಐ ಐಡಿಯನ್ನೂ ಹೊಸದಾಗಿ ಮಾಡಿಕೊಳ್ಳಬಹುದು.

## ಹಂತ 5: ಸರ್ವರ್ ಬಿಡಿ

ಸರ್ವರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್, `Leave Server`. ಮೊಬೈಲ್‌ನಲ್ಲಿ ಸರ್ವರ್ ಹೆಸರನ್ನು ಮುಟ್ಟಿದರೆ ಕೆಳಗೆ ಇದೇ ಆಯ್ಕೆ ಇರುತ್ತದೆ. ಆಯ್ಕೆಯೇ ಕಾಣದಿದ್ದರೆ ಆ ಸರ್ವರ್‌ನ ಮಾಲೀಕರು ನೀವೇ. ಸದಸ್ಯರ ಪಟ್ಟಿಯಿಂದ ಒಬ್ಬರನ್ನು ಆರಿಸಿ `Transfer Ownership` ಮಾಡಿದ ಮೇಲಷ್ಟೇ ಬಿಡಬಹುದು.

ಬಿಟ್ಟ ನಂತರ ಎರಡು ಕಡೆ ನೋಡಿ. ಕ್ಲಾನ್‌ನವರ ಜೊತೆಗಿನ ನೇರ ಚಾಟ್‌ಗಳು ಸರ್ವರ್‌ಗೆ ಸೇರಿದವಲ್ಲ. ನೀವು ಕ್ಲೋಸ್ ಮಾಡಿದರೆ ನಿಮ್ಮ ಪಟ್ಟಿಯಿಂದ ಮಾತ್ರ ಹೋಗುತ್ತದೆ, ಎದುರಿನವರ ಕಡೆ ಹಾಗೇ ಇರುತ್ತದೆ. ಅಲ್ಲಿಯೂ ನಿಮ್ಮ ಮೆಸೇಜ್‌ಗಳನ್ನು ಒಂದೊಂದಾಗಿ ಅಳಿಸಬಹುದು. ಇನ್ನೊಂದು, `User Settings` ಒಳಗಿನ `Authorized Apps`. ವೆರಿಫಿಕೇಶನ್‌ಗೆಂದು ಸರ್ವರ್ ಕೇಳಿದಾಗ ಒಪ್ಪಿಗೆ ಕೊಟ್ಟ ಆ್ಯಪ್‌ಗಳು ಸರ್ವರ್ ಬಿಟ್ಟರೂ ಅಲ್ಲಿ ಉಳಿದಿರುತ್ತವೆ. ಬೇಡದ್ದನ್ನು `Deauthorize` ಮಾಡಿ.

## ಹಂತ 6: ಖಾತೆಯನ್ನೂ ಮುಚ್ಚುವುದಿದ್ದರೆ

ಬಾಕಿ ಸರ್ವರ್‌ಗಳಲ್ಲೂ ಮೇಲಿನ ಕೆಲಸ ಮುಗಿದಿರಬೇಕು, ನಿಮ್ಮ ಸ್ವಂತ ಸರ್ವರ್‌ಗಳನ್ನು ವರ್ಗಾಯಿಸಿ ಇಲ್ಲವೇ ಅಳಿಸಿ ಆಗಿರಬೇಕು, ಡೇಟಾದ ಜಿಪ್ ನಿಮ್ಮ ಬಳಿ ಇರಬೇಕು. ಆಮೇಲೆ `My Account` ಒಳಗೆ `Delete Account`. ಪಕ್ಕದಲ್ಲೇ ಇರುವ `Disable Account` ಬರೀ ತಾತ್ಕಾಲಿಕ, ಯಾವಾಗ ಲಾಗಿನ್ ಆದರೂ ಖಾತೆ ಮರಳಿ ಬರುತ್ತದೆ.

ಡಿಲೀಟ್ ಒತ್ತಿದ ಮೇಲೆ 14 ದಿನದ ಗಡುವು ಇರುತ್ತದೆ. ಅಷ್ಟರೊಳಗೆ ಲಾಗಿನ್ ಆದರೆ ಖಾತೆ ಉಳಿಸಿಕೊಳ್ಳಬಹುದು. ಯಾವುದೋ ಮೆಸೇಜ್ ಬಿಟ್ಟುಹೋಗಿದೆ ಎಂದು ಹತ್ತನೆಯ ದಿನ ನೆನಪಾದರೂ ಹಿಂದೆ ಬಂದು, ಅಳಿಸಿ, ಮತ್ತೆ ಡಿಲೀಟ್ ಕೊಡಲು ದಾರಿ ಇದೆ. ಸರ್ವರ್ ಬಿಟ್ಟಾಗಿದ್ದರೆ ಅದಕ್ಕೊಂದು ಇನ್ವೈಟ್ ಬೇಕು. ಆದ್ದರಿಂದ ಡಿಲೀಟ್ ಒತ್ತಿದ ದಿನವೇ ಜಿಪ್‌ನ ಫೋಲ್ಡರ್‌ಗಳನ್ನು ಇನ್ನೊಮ್ಮೆ ತೆರೆದು, ಅದೇ ಹುಡುಕಾಟಗಳನ್ನು ಕೊನೆಯ ಸಲ ನಡೆಸಿ. 14 ದಿನ ಕಳೆದ ಮೇಲೆ ಉಳಿದದ್ದನ್ನು ತೆಗೆಯಲು ಆಯಾ ಸರ್ವರ್‌ನ ಮಾಡರೇಟರ್‌ಗಳಿಗೆ ಲಿಂಕ್ ಕಳಿಸಿ ಕೇಳಬೇಕಾಗುತ್ತದೆ. ಆ ಲಿಂಕ್ ಕಟ್ಟಲು ಬೇಕಾದ ಸಂಖ್ಯೆಗಳು ಅದೇ ಜಿಪ್‌ನಲ್ಲಿವೆ, ಅದನ್ನು ಅಳಿಸಬೇಡಿ.